ಐದು ಸೆಕೆಂಡಿನಲ್ಲಿ ಓದಿ ಮುಗಿಯಬೇಕು

ಕಂಪನಿಯೊಂದು ತನ್ನ ಡೀಲರುಗಳಿಗೆ ಜಿಎಸ್‌ಟಿ ಕುರಿತು ವೆಬಿನಾರ್ ನಡೆಸುತ್ತದೆ ಎನ್ನಿ. ತೆರಿಗೆ ಸಲಹೆಗಾರರು ಮಾತಾಡುವುದು ಇಂಗ್ಲಿಷಿನಲ್ಲಿ, ಅದೂ ಸರಸರನೆ. ಊರೂರಿನ ಡೀಲರುಗಳು ಆಮೇಲೆ ಮೊಬೈಲಿನಲ್ಲಿ ನೋಡುವ ರೆಕಾರ್ಡಿಂಗಿಗೆ ಕನ್ನಡ ಸಬ್‌ಟೈಟಲ್ ಬೇಕು. ಅದರ ಒಂದೇ ಒಂದು ಮಾತನ್ನು ತೆಗೆದುಕೊಳ್ಳೋಣ. ಹೇಳಲು ಹಿಡಿದದ್ದು ಐದು ಸೆಕೆಂಡು. ಅದರ ನೇರ ಅನುವಾದ ಹೀಗಿರುತ್ತದೆ: ‘ನಿಮ್ಮ ಸರಬರಾಜುದಾರರು ತಮ್ಮ GSTR-1 ವಿವರಪಟ್ಟಿಯನ್ನು ಸಲ್ಲಿಸದೇ ಇದ್ದಲ್ಲಿ ಆ ಸರಕುಪಟ್ಟಿಯು ನಿಮ್ಮ GSTR-2Bಯಲ್ಲಿ ಕಾಣಿಸಿಕೊಳ್ಳುವುದಿಲ್ಲ.’

ಅನುವಾದದಲ್ಲಿ ತಪ್ಪಿಲ್ಲ. ಆದರೆ ಕಂಪ್ಯೂಟರ್ ಲೆಕ್ಕದಲ್ಲಿ ಇದು ಸುಮಾರು 115 ಅಕ್ಷರ, ಅಂದರೆ ಸೆಕೆಂಡಿಗೆ 23. ಸ್ಲೈಡನ್ನೂ ನೋಡುತ್ತಾ ಇಷ್ಟು ವೇಗವಾಗಿ ಓದುವುದು ಕಷ್ಟ. ಇಂಥ ವಿಡಿಯೊಗೆ ನಾನು 15ರ ಆಸುಪಾಸು ಇಟ್ಟುಕೊಳ್ಳುತ್ತೇನೆ. ಈ ಎಣಿಕೆಯಲ್ಲಿ ಒಂದು ತೊಡಕಿದೆ. ‘ಕ್ರೆಡಿಟ್’ ಎಂದರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್ ಒತ್ತು, ಗುಣಿತ, ಹಲಂತಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿ ಎಂಟು ಎನ್ನುತ್ತದೆ. ಹಾಗಾಗಿ ಇಂಗ್ಲಿಷಿಗೆಂದು ಹಾಕಿದ ಮಿತಿಯನ್ನು ಕನ್ನಡಕ್ಕೆ ಕಣ್ಣುಮುಚ್ಚಿ ಹೊಂದಿಸಬಾರದು. ಸಂಖ್ಯೆ ಎಚ್ಚರಿಕೆ ಕೊಡುತ್ತದೆ, ತೀರ್ಪು ಕೊಡಬೇಕಾದ್ದು ಓದುವ ಕಣ್ಣು.

ಅದೇ ಮಾತನ್ನು ತಿದ್ದಿದ ಮೇಲೆ ಫೈಲಿನಲ್ಲಿ ಹೀಗೆ ಕೂರುತ್ತದೆ:

```
112
00:08:14,000 --> 00:08:19,000
ಮಾರಿದವರು GSTR-1 ಸಲ್ಲಿಸದಿದ್ದರೆ
ಆ ಬಿಲ್ ನಿಮ್ಮ GSTR-2Bಯಲ್ಲಿ ಬರುವುದಿಲ್ಲ.
```

ಈಗ ಸೆಕೆಂಡಿಗೆ 13. ‘ಸರಕುಪಟ್ಟಿ’ ಹೋಗಿ ಅಂಗಡಿಯವರೇ ಆಡುವ ‘ಬಿಲ್’ ಬಂತು. ಫಾರಂಗಳ ಹೆಸರನ್ನು ಮಾತ್ರ ಮುಟ್ಟಲಿಲ್ಲ. ಡೀಲರ್ ನಾಳೆ ಜಿಎಸ್‌ಟಿ ಪೋರ್ಟಲ್ ತೆರೆದಾಗ ಹುಡುಕುವುದು ಅದೇ ಅಕ್ಷರಗಳನ್ನು. ಇಲ್ಲಿ ಅನುವಾದ ಮಾಡಿದರೆ ಅವರ ದಾರಿ ತಪ್ಪಿಸಿದಂತೆ. ‘ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್’ ಎಂಬುದನ್ನು ಮೊದಲ ಸಲ ಪೂರ್ತಿ ಬರೆದು, ಆಮೇಲೆ ‘ಕ್ರೆಡಿಟ್’ ಎಂದರೆ ಸಾಕು. ಆದರೆ ಕೊನೆಯವರೆಗೂ ಅದೇ ಪದ ಇರಬೇಕು. ನಡುವೆ ‘ಜಮೆ’ ಎಂದು ಬಂದರೆ ಅದು ಬೇರೇನೋ ಎಂದುಕೊಳ್ಳುತ್ತಾರೆ.

ಸಾಲು ಮುರಿದದ್ದು ‘ಸಲ್ಲಿಸದಿದ್ದರೆ’ ಎಂಬಲ್ಲಿ, ಷರತ್ತು ಮುಗಿಯುವ ಜಾಗದಲ್ಲಿ. ಸಾಲು ಮುರಿಯುವುದನ್ನು ಪ್ಲೇಯರಿಗೇ ಬಿಟ್ಟರೆ ಅದು ಅಡ್ಡಗೆರೆಯ ಹತ್ತಿರ ಕತ್ತರಿಸಿ ‘GSTR-’ ಮೇಲೆ, ‘2B’ ಕೆಳಗೆ ಮಾಡಬಹುದು. ‘2B ಯಲ್ಲಿ’ ಎಂದು ಜಾಗ ಬಿಟ್ಟು ಬರೆದರೆ ‘ಯಲ್ಲಿ’ ಒಂಟಿಯಾಗಿ ಮುಂದಿನ ಸಾಲಿಗೆ ಜಾರುತ್ತದೆ. ಎರಡು ಸಾಲುಗಳು ತೀರಾ ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುವುದೂ ಉಂಟು; ಅದಕ್ಕೇ ಅಂತರವನ್ನು ತುಸು ಹೆಚ್ಚಿಸಬೇಕು.

ಇನ್ನು, ‘ಕ್ರೆಡಿಟ್ ಪಡೆಯಬೇಡಿ’ ಎಂಬ ಮುಂದಿನ ಮಾತು. ಇಂಗ್ಲಿಷಿನಲ್ಲಿ ‘ಬೇಡ’ ಎಂಬುದು ಮೊದಲೇ ಬಂದುಬಿಡುತ್ತದೆ, ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಆ ವಾಕ್ಯವನ್ನು ಎರಡು ಸಬ್‌ಟೈಟಲಿಗೆ ಹಂಚಿದರೆ, ಮೊದಲರ್ಧ ಓದಿದವರಿಗೆ ಪಡೆಯಬೇಕೋ ಬೇಡವೋ ತಿಳಿಯುವುದಿಲ್ಲ. ಅದನ್ನು ಒಂದರಲ್ಲೇ ಮುಗಿಸಿ, ಸಮಯ ಸಾಲದಿದ್ದರೆ ವಕ್ತಾರರು ಉಸಿರು ತೆಗೆದುಕೊಳ್ಳುವ ಒಂದು ಸೆಕೆಂಡನ್ನೂ ಸೇರಿಸಿಕೊಳ್ಳಬೇಕು. ಸ್ಲೈಡ್ ಬದಲಾಗುವ ಮುನ್ನ ಅದು ಮರೆಯಾದರೆ ಸಾಕು.