ಆರು ಜನರ ಮನೆ, ಬದಲಾಗುವ ಪಾಳಿ: ಅಡುಗೆಯ ಸರದಿ ಬಗ್ಗೆ ಇರುವ ತಪ್ಪು ಕಲ್ಪನೆಗಳು

ಹರಿಹರದಲ್ಲಿ ಮನೆ, ದಾವಣಗೆರೆಯಲ್ಲಿ ಕೆಲಸ. ಹೀಗೆ ದಿನಾ ಬಸ್ಸಿನಲ್ಲೋ ಬೈಕಿನಲ್ಲೋ ಓಡಾಡುವ ಕುಟುಂಬಗಳು ಈ ಎರಡೂರಿನ ನಡುವೆ ಸಾಕಷ್ಟಿವೆ. ಉದಾಹರಣೆಗೆ ಆರು ಜನರ ಒಂದು ಕೂಡು ಕುಟುಂಬ ತೆಗೆದುಕೊಳ್ಳಿ. ಅಜ್ಜ, ಅಜ್ಜಿ. ದೊಡ್ಡ ಮಗ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಕಾರ್ಖಾನೆಯಲ್ಲಿ. ವಾರಕ್ಕೊಮ್ಮೆ ಅವನ ಪಾಳಿ ಬದಲಾಗುತ್ತದೆ. ಹಿರಿಸೊಸೆ ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಕಿರಿಮಗ ಅಲ್ಲೇ ಬಟ್ಟೆ ಅಂಗಡಿಯಲ್ಲಿ, ಕಿರಿಸೊಸೆ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೂ ಪಾಳಿ. ಇಂಥ ಮನೆಯಲ್ಲಿ ಒಂದಲ್ಲ ಒಂದು ದಿನ ಯಾರಾದರೂ ‘ಕೆಲಸ ಹಂಚಿಕೊಳ್ಳೋಣ’ ಎಂದು ಕಾಗದದ ಮೇಲೆ ಪಟ್ಟಿ ಬರೆಯುತ್ತಾರೆ. ಎರಡು ವಾರದಲ್ಲಿ ಪಟ್ಟಿ ಮೂಲೆ ಸೇರುತ್ತದೆ. ದೂರು ಮನೆಯವರ ಸೋಮಾರಿತನದ ಮೇಲೆ ಬರುತ್ತದಾದರೂ ತಪ್ಪು ಬಹುತೇಕ ಪಟ್ಟಿಯದೇ.

‘ಒಬ್ಬೊಬ್ಬರಿಗೆ ಒಂದೊಂದು ದಿನ ಕೊಟ್ಟರೆ ಎಲ್ಲರಿಗೂ ಸಮ’

ಸೋಮವಾರ ಹಿರಿಸೊಸೆ, ಮಂಗಳವಾರ ಕಿರಿಸೊಸೆ ಎಂದು ಬರೆಯುವುದು ಸುಲಭ. ಆದರೆ ಮಂಗಳವಾರ ಕಿರಿಸೊಸೆಗೆ ಬೆಳಗಿನ ಡ್ಯೂಟಿ ಬಿದ್ದರೆ ಅವಳು ಏಳೂಕಾಲಿಗೆ ಮನೆ ಬಿಡಬೇಕು. ತಿಂಡಿ, ಡಬ್ಬಿ ಎಲ್ಲ ಮುಗಿಸಲು ನಾಲ್ಕೂವರೆಗೆ ಏಳಬೇಕು. ಅದೇ ಹೊತ್ತಿಗೆ ಅಂಗಡಿಗೆ ಒಂಬತ್ತೂವರೆಗೆ ಹೊರಡುವ ಕಿರಿಮಗ ಮಲಗಿಯೇ ಇರುತ್ತಾನೆ. ದಿನ ಸಮನಾಗಿ ಹಂಚಿದೆವು, ನಿದ್ದೆ ಹಂಚಲಿಲ್ಲ.

ಹಂಚಬೇಕಾದದ್ದು ಹೊತ್ತನ್ನು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಅಡುಗೆ, ತಡರಾತ್ರಿಯ ಪಾತ್ರೆ, ಹೀಗೆ ದಿನಕ್ಕೆ ನಾಲ್ಕು ಹೊತ್ತು. ಒಂದೊಂದು ಹೊತ್ತಿಗೂ ಒಂದೇ ಪ್ರಶ್ನೆ: ಆಗ ಯಾರು ಅವಸರವಿಲ್ಲದೆ ಮನೆಯಲ್ಲಿರುತ್ತಾರೆ?

ಲೆಕ್ಕ ಹಾಕಿ ನೋಡೋಣ. ಮೊದಲ ವಾರ ದೊಡ್ಡ ಮಗನಿಗೆ ಮಧ್ಯಾಹ್ನ 2ರಿಂದ ರಾತ್ರಿ 10ರ ಪಾಳಿ, ಕಿರಿಸೊಸೆಗೆ ಬೆಳಗಿನ ಡ್ಯೂಟಿ. ಬೆಳಗಿನ ತಿಂಡಿ ಕಿರಿಮಗನದು. ಇಬ್ಬರು ಸೊಸೆಯಂದಿರೂ ಅವನು ತುಂಬಿಟ್ಟ ಡಬ್ಬಿ ಹಿಡಿದು ಹೊರಡುತ್ತಾರೆ. ತನ್ನ ಮತ್ತು ಹಿರಿಯರ ಮಧ್ಯಾಹ್ನದ ಊಟವನ್ನು ಹನ್ನೊಂದರಿಂದ ಹನ್ನೆರಡೂವರೆಯೊಳಗೆ ದೊಡ್ಡ ಮಗ ಮಾಡಿ, ಉಂಡು, ಕೆಲಸಕ್ಕೆ ಹೋಗುತ್ತಾನೆ. ರಾತ್ರಿ ಅಡುಗೆ ಸೊಸೆಯಂದಿರಿಬ್ಬರಲ್ಲಿ ದಿನ ಬಿಟ್ಟು ದಿನ. ತಡವಾಗಿ ಬಂದು ಉಣ್ಣುವ ಅಣ್ಣತಮ್ಮಂದಿರು ಕೊನೆಯ ಪಾತ್ರೆ ತೊಳೆದು ಮಲಗುತ್ತಾರೆ.

ಮುಂದಿನ ವಾರ ದೊಡ್ಡ ಮಗನಿಗೆ ರಾತ್ರಿ ಪಾಳಿ, ಕಿರಿಸೊಸೆಗೆ ಮಧ್ಯಾಹ್ನ 2ರಿಂದ 8ರ ಡ್ಯೂಟಿ. ಈಗ ಮಧ್ಯಾಹ್ನದ ಊಟ ಕಿರಿಸೊಸೆಯ ಕೈಗೆ ಬರುತ್ತದೆ. ರಾತ್ರಿ ಅಡುಗೆಗೆ ಹಿರಿಸೊಸೆಯ ಜೊತೆ ಅವಳ ಗಂಡನೇ ಐದೂವರೆಗೆ ಕೈಹಾಕುತ್ತಾನೆ. ಒಂಬತ್ತಕ್ಕೆ ಅವನು ಹೊರಡಬೇಕು. ಹೊತ್ತು ಅದೇ ನಾಲ್ಕು, ಹೆಸರು ಮಾತ್ರ ಬದಲು. ಆದ್ದರಿಂದ ಪಟ್ಟಿಯ ವಾರ ಶುರುವಾಗಬೇಕಾದದ್ದು ಪಾಳಿ ಬದಲಾಗುವ ದಿನದಿಂದ. ಕ್ಯಾಲೆಂಡರಿನ ಸೋಮವಾರವನ್ನೇ ಹಿಡಿದು ಕೂತರೆ ನಡುವಾರದಲ್ಲಿ ಪಟ್ಟಿ ಮುರಿಯುತ್ತದೆ.

‘ರಾತ್ರಿ ಪಾಳಿಯವರು ಹಗಲೆಲ್ಲ ಮನೆಯಲ್ಲೇ ಇರುತ್ತಾರಲ್ಲ’

ಇರುತ್ತಾರೆ, ನಿದ್ದೆಗಾಗಿ. ನಮ್ಮ ದೇಹದ ಗಡಿಯಾರ ಬೆಳಕಿನ ಜೊತೆ ನಡೆಯುವುದರಿಂದ ಹಗಲು ನಿದ್ದೆ ರಾತ್ರಿಯದಕ್ಕಿಂತ ಕಡಿಮೆ ಹೊತ್ತಿನದು, ಬೇಗ ಒಡೆಯುವಂಥದ್ದು. ಆರೂವರೆಗೆ ಬಂದು ಏಳೂವರೆಗೆ ಮಲಗಿದವನನ್ನು ಹನ್ನೊಂದಕ್ಕೆ ‘ಸ್ವಲ್ಪ ಗ್ಯಾಸ್ ಸಿಲಿಂಡರ್ ಇಳಿಸು’ ಎಂದು ಎಬ್ಬಿಸಿದರೆ ಆ ನಿದ್ದೆ ಮತ್ತೆ ಕೂಡುವುದಿಲ್ಲ. ಆ ರಾತ್ರಿ ಅವನು ಯಂತ್ರದ ಮುಂದೆ ನಿಲ್ಲಬೇಕು, ಅವಳಾದರೆ ರೋಗಿಗೆ ಔಷಧಿ ಅಳೆಯಬೇಕು. ಮಧ್ಯಾಹ್ನ ಎರಡೂವರೆವರೆಗೆ ಅವರ ಹೆಸರಿನಲ್ಲಿ ಯಾವ ಕೆಲಸವನ್ನೂ ಬರೆಯಬೇಡಿ. ಚಟ್ನಿಯನ್ನು ಹಿಂದಿನ ರಾತ್ರಿಯೇ ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮಿಕ್ಸಿಯ ಸದ್ದೂ ಇರುವುದಿಲ್ಲ.

‘ಮಾಡಿಟ್ಟದ್ದನ್ನು ಚೆನ್ನಾಗಿ ಬಿಸಿ ಮಾಡಿದರೆ ಏನೂ ಆಗುವುದಿಲ್ಲ’

ಪಾಳಿ ಮನೆಗಳಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು. ಅನ್ನದ ಮಟ್ಟಿಗೆ ಅಪಾಯಕಾರಿ ಮಾತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಕುಕ್ಕರಿನಲ್ಲಿ ಬೆಂದರೂ ಅವು ಪೂರ್ತಿ ಸಾಯುತ್ತವೆಂಬ ಭರವಸೆಯಿಲ್ಲ. ಅನ್ನ ಉಗುರುಬೆಚ್ಚಗೆ ಹೊರಗೇ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ವಾಸನೆ, ರುಚಿಯಿಂದ ಗೊತ್ತಾಗುವುದೂ ಇಲ್ಲ. ಏಳು ಗಂಟೆಗೆ ಇಳಿಸಿದ ಅನ್ನವನ್ನು ಹತ್ತೂವರೆಗೆ ಬರುವವರಿಗಾಗಿ ಕಟ್ಟೆಯ ಮೇಲೆ ಮುಚ್ಚಿಟ್ಟರೆ ಮೂರೂವರೆ ತಾಸಾಯಿತು. ಎರಡು ತಾಸು ಮೀರಬಾರದು, ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಒಂದೇ ತಾಸು.

ದಾರಿ ಎರಡಿವೆ. ತಡವಾಗಿ ಬರುವವರ ಪಾಲನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಆವಿ ಇಳಿದ ಕೂಡಲೇ ಫ್ರಿಜ್ಜಿಗೆ ಇಟ್ಟು, ಒಮ್ಮೆ ಮಾತ್ರ ಹಬೆಯಾಡುವಂತೆ ಕಾಯಿಸುವುದು. ಇಲ್ಲವೇ ಅವರು ಬಂದಮೇಲೇ ಅಕ್ಕಿ ತೊಳೆದು ಚಿಕ್ಕ ಕುಕ್ಕರ್ ಇಡುವುದು.

ನಮ್ಮ ಕಡೆಯ ಊಟದಲ್ಲಿ ಮೂರನೆಯ ದಾರಿಯೂ ಇದೆ, ನನಗೆ ಅದೇ ಮೆಚ್ಚು: ತಡರಾತ್ರಿಯ ಊಟವನ್ನು ಅನ್ನದಿಂದ ರೊಟ್ಟಿಗೆ ಬದಲಿಸಿ. ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಪೂರ್ತಿ ಒಣಗಿದ್ದರೆ. ಪರೀಕ್ಷೆ ಸುಲಭ. ನಡುವೆ ಹಿಡಿದು ಮುರಿದಾಗ ಪಟ್ ಎನ್ನಬೇಕು. ಸ್ವಲ್ಪ ಬಾಗಿ ಆಮೇಲೆ ಹರಿದರೆ ಒಳಗೆ ತೇವವಿದೆ, ನಾಲ್ಕು ದಿನದಲ್ಲಿ ಬೂಷ್ಟು ಬರುತ್ತದೆ. ಅಂಥದ್ದನ್ನು ಮತ್ತೆ ಸಣ್ಣ ಉರಿಯ ಹಂಚಿನ ಮೇಲೆ ಒತ್ತಿ ಒಣಗಿಸಬೇಕು. ಜೊತೆಗೆ ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ. ಪಲ್ಯ ಮಾತ್ರ ಫ್ರಿಜ್ಜಿನಿಂದ ತೆಗೆದು ಕಾಯಿಸಿದರೆ ಸಾಕು. ರೊಟ್ಟಿ ಬಡಿಯುವುದಕ್ಕೆ ವಾರದಲ್ಲಿ ಒಂದೇ ಹೊತ್ತು ಮೀಸಲಿಡಿ, ಒಬ್ಬರು ಬಡಿದರೆ ಇನ್ನೊಬ್ಬರು ಬೇಯಿಸಲಿ. ಪುರುಸೊತ್ತಿಲ್ಲದ ವಾರ ಕಟ್ಟಿನ ರೊಟ್ಟಿ ಕೊಂಡು ತನ್ನಿ, ಅದರಲ್ಲಿ ಕೊರತೆಯೇನಿಲ್ಲ. ನರ್ಸಮ್ಮನಿಗೂ ಅಣ್ಣನಿಗೂ ಒಟ್ಟಿಗೇ ರಾತ್ರಿ ಪಾಳಿ ಬಿದ್ದ ವಾರ ಬೆಳಗಿನ ತಿಂಡಿ ಒಗ್ಗರಣೆ ಮಂಡಕ್ಕಿಗೆ ಇಳಿಯಲಿ. ದಾವಣಗೆರೆಯ ಮಂಡಕ್ಕಿ ಮನೆಯಲ್ಲಿದ್ದರೆ ಹತ್ತು ನಿಮಿಷದ ಕೆಲಸ.

‘ಅಜ್ಜಿ ಇದ್ದಾರಲ್ಲ, ಉಳಿದದ್ದು ನೋಡಿಕೊಳ್ಳುತ್ತಾರೆ’

ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲದ ಕೆಲಸವೆಲ್ಲ ಕೊನೆಗೆ ಬಂದು ಸೇರುವುದು ಒಬ್ಬರ ಹತ್ತಿರ. ಹಾಲು ಕಾಯಿಸುವುದು, ನಲ್ಲಿ ಬಂದ ದಿನ ನೀರು ಹಿಡಿಯುವುದು, ಒಣಗಿದ ಬಟ್ಟೆ ತೆಗೆಯುವುದು, ಬಾಗಿಲು ತೆರೆಯಲು ರಾತ್ರಿ ಹತ್ತೂವರೆತನಕ ಎಚ್ಚರವಿರುವುದು. ಯಾವುದೂ ದೊಡ್ಡ ಕೆಲಸವಲ್ಲ ಎನ್ನುತ್ತೇವೆ, ಕೂಡಿಸಿದರೆ ಅದೇ ಎಲ್ಲರಿಗಿಂತ ಉದ್ದದ ಪಾಳಿ, ರಜೆಯಿಲ್ಲದ್ದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅದರಲ್ಲಿ ಕೈಹಾಕುವ ಗಂಡಸರು 88 ನಿಮಿಷ. ಈ ಅಂತರ ಬಹುಪಾಲು ಇಂಥ ಹೆಸರಿಲ್ಲದ ಕೆಲಸಗಳಲ್ಲೇ ಅಡಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಅಜ್ಜಿಯ ಕೆಲಸವೂ ಬರಹದಲ್ಲಿರಲಿ: ಬೆಳಗಿನ ಹಾಲು, ಸಂಜೆ ಸೊಪ್ಪು ಸೋಸುವುದು, ಇಷ್ಟೇ. ಹಿಟ್ಟಿನ ಗಿರಣಿ, ತರಕಾರಿ, ನೀರಿನ ದಿನ ಅಜ್ಜನ ಹೆಸರಿಗೆ. ಬಟ್ಟೆ ಒಣಹಾಕಿದವರೇ ಮಡಚಿಡಬೇಕು. ತಡವಾಗಿ ಬರುವವರ ಹತ್ತಿರ ಬಾಗಿಲಿನ ಬೀಗದ ಕೈ ಇರಲಿ.

ಈ ಭಾನುವಾರ ಸಂಜೆ ಕಾರ್ಖಾನೆಯ ಮತ್ತು ಆಸ್ಪತ್ರೆಯ ಪಾಳಿ ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಆರೂ ಜನ ಕೂತು ಬರೆಯಿರಿ. ಕಿರಿಮಗನ ಅಂಗಡಿಗೆ ರಜೆಯಿರುವ ದಿನ ಅಜ್ಜಿಗೆ ಪೂರ್ತಿ ಬಿಡುವು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.