ಸೈನೈಡ್ ಗುಡ್ಡದ ಮೇಲೆ ಇಲ್ಲದ ಕೊರಕಲು

ಕೆಜಿಎಫ್ ಗಣಿಗಳು 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಚಿನ್ನ ತೆಗೆದ ಮೇಲೆ ಉಳಿದ ಹುಡಿಯ ರಾಶಿಗಳು, ಊರವರ ಬಾಯಲ್ಲಿ ಸೈನೈಡ್ ಗುಡ್ಡಗಳು, ಇನ್ನೂ ನಿಂತಿವೆ. ಮಳೆ ಅವುಗಳ ಮೈಯನ್ನು ಕೊರೆಯುತ್ತದೆ. ಆ ಕೊರಕಲುಗಳನ್ನು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಉಚಿತ ಚಿತ್ರದಲ್ಲಿ ಹುಡುಕಿದರೆ ಮಸುಕು ಮಾತ್ರ ಕಾಣುತ್ತದೆ, ಏಕೆಂದರೆ ಅಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 10 ಮೀಟರ್. ನ್ಯೂರಲ್ ನೆಟ್‌ವರ್ಕಿಗೆ ಕೊಟ್ಟು ಅದನ್ನು 2.5 ಮೀಟರಿಗೆ ಇಳಿಸಿದರೆ ಗೆರೆಗಳು ಎದ್ದು ಕಾಣುತ್ತವೆ. ತಪ್ಪು ಕಲ್ಪನೆ ಹುಟ್ಟುವುದೇ ಅಲ್ಲಿ.

ತಪ್ಪು ಕಲ್ಪನೆ: ಚಿತ್ರದೊಳಗೆ ಅಡಗಿದ್ದ ವಿವರ ಹೊರಬಂದಿದೆ.

ವಾಸ್ತವ: ಒಂದು ಪಿಕ್ಸೆಲ್ ಇದ್ದಲ್ಲಿ ಈಗ 16 ಇವೆ. ಉಪಗ್ರಹ ಕೊಟ್ಟಿದ್ದು ಅಷ್ಟೂ ಜಾಗದ ಸರಾಸರಿ ಹೊಳಪು ಮಾತ್ರ. ಅದು 90 ಎಂದಿಟ್ಟುಕೊಳ್ಳಿ. ಬಿಳಿಚಿದ ಹುಡಿಯ ಹೊಳಪು 100, ಕೊರಕಲಿನ ನೆರಳಿನದು 60 ಆದರೆ, 16ರಲ್ಲಿ 4 ಚೌಕ ನೆರಳಾಗಿದ್ದರೆ ಸರಾಸರಿ 90. ಆ ನಾಲ್ಕು ಉದ್ದಕ್ಕೆ ಇರಲಿ, ಅಡ್ಡಕ್ಕೆ ಇರಲಿ, ಲೆಕ್ಕ ಬದಲಾಗದು. ಕೊರಕಲೇ ಇಲ್ಲದೆ ಇಡೀ ಜಾಗ ಸ್ವಲ್ಪ ತೇವದಿಂದ ಕಪ್ಪಾಗಿದ್ದರೂ 90 ಬರಬಹುದು. ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದಿಷ್ಟು ಸುಳಿವು ಕೊಡುತ್ತವೆ. ಉಳಿದದ್ದನ್ನು ನೆಟ್‌ವರ್ಕ್ ತಾನು ಕಲಿತ ಬೇರೆ ಊರುಗಳ ಚಿತ್ರಗಳಿಂದ ತುಂಬುತ್ತದೆ.

ತಪ್ಪು ಕಲ್ಪನೆ: ಗೆರೆ ಚೂಪಾದಷ್ಟೂ ನಿಖರ.

ವಾಸ್ತವ: ಎಷ್ಟೋ ಸಲ ಉಲ್ಟಾ. ತಪ್ಪಿನ ಸರಾಸರಿಯನ್ನಷ್ಟೇ ತಗ್ಗಿಸಲು ಕಲಿತ ನೆಟ್‌ವರ್ಕ್, ಗೊತ್ತಿಲ್ಲದ ಕಡೆ ಎಲ್ಲ ಸಾಧ್ಯತೆಗಳನ್ನೂ ಬೆರೆಸಿ ಮಸುಕಾಗಿ ಬಿಡುತ್ತದೆ. ನನ್ನ ಮಟ್ಟಿಗೆ ಅದು ಪ್ರಾಮಾಣಿಕ ಮಸುಕು. 2017ರ ಹೊತ್ತಿಗೆ ಹೆಸರಾದ ಎಸ್‌ಆರ್‌ಗ್ಯಾನ್ ಬಗೆಯವು ಇನ್ನೊಂದು ನೆಟ್‌ವರ್ಕನ್ನು ತೀರ್ಪುಗಾರನಾಗಿ ಕೂರಿಸಿದವು. ಅದು ಕೇಳುವುದು ‘ಇದು ನಿಜವಾದ ಫೋಟೋದಂತೆ ಕಾಣುತ್ತದೆಯೇ?’ ಎಂದು. ಮಸುಕಿಗೆ ದಂಡ ಬೀಳುತ್ತದೆ, ಜಾಗ ತಪ್ಪಿದ ಚೂಪು ಗೆರೆ ಸುಲಭವಾಗಿ ಪಾಸಾಗುತ್ತದೆ. ಹಾಗಾಗಿ ಹತ್ತಿರದ ಬಂಗಾರಪೇಟೆ ನಿಲ್ದಾಣದ ಹಳಿಗಳನ್ನು ಇಂಥ ಚಿತ್ರದಲ್ಲಿ ಎಣಿಸಲು ಹೋಗಬೇಡಿ.

ತಪ್ಪು ಕಲ್ಪನೆ: ಮತ್ತೆ ಚಿಕ್ಕದು ಮಾಡಿದಾಗ ಮೂಲಕ್ಕೆ ಹೊಂದಿದರೆ ಸರಿ ಎಂದರ್ಥ.

ವಾಸ್ತವ: ಹೊಂದದಿದ್ದರೆ ಎಲ್ಲೋ ತಪ್ಪಿದೆ ಎನ್ನಬಹುದು. ಹೊಂದಿದರೆ ಏನೂ ಸಾಬೀತಾಗದು. ಮೇಲಿನ ಲೆಕ್ಕದ ಎಲ್ಲ ಉತ್ತರಗಳೂ ಹೊಂದುತ್ತವೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ‘ಪಲ್ಸ್’ ಮಾದರಿಗೆ ಬರಾಕ್ ಒಬಾಮರ ಮಸುಕು ಚಿತ್ರ ಕೊಟ್ಟಾಗ ಬಿಳಿಯನೊಬ್ಬನ ಮುಖ ಬಂತು. ಚಿಕ್ಕದು ಮಾಡಿದರೆ ಮೂಲಕ್ಕೆ ಹೊಂದುವ ಮುಖವನ್ನು ಹುಡುಕುವುದೇ ಆ ಮಾದರಿಯ ಕೆಲಸವಾಗಿತ್ತು.

ಚಿಕ್ಕದು ಮಾಡಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ, ಒಂದೇ ಚಿತ್ರವನ್ನು ಎರಡು ಬೇರೆ ಮಾದರಿಗಳಿಗೆ ಕೊಡುವುದು. ಕೊರಕಲು ಜಾಗ ಬದಲಿಸಿದರೆ ಅದನ್ನು ನಂಬಬೇಡಿ. ಬದಲಿಸದಿದ್ದರೂ ಪೂರ್ತಿ ನಂಬುವಂತಿಲ್ಲ, ಎರಡೂ ಒಂದೇ ಬಗೆಯ ಚಿತ್ರಗಳಿಂದ ಕಲಿತಿರಬಹುದು. ಕೊನೆಗೆ ಸಾಕ್ಷಿಯಾಗುವುದು ಕಾರ್ಟೊಸ್ಯಾಟ್-3ರಂಥ ಉಪಗ್ರಹ ನಿಜವಾಗಿಯೂ ಸೂಕ್ಷ್ಮವಾಗಿ ತೆಗೆದ ಚಿತ್ರ, ಇಲ್ಲವೇ ಗುಡ್ಡದ ಬುಡಕ್ಕೆ ಟೇಪು ಹಿಡಿದು ಹೋಗುವುದು. ಗುಡ್ಡದ ಸವಕಳಿಯ ವರದಿ ಬರೆಯುವವರು ನೆಟ್‌ವರ್ಕ್ ಚೂಪು ಮಾಡಿದ ಚಿತ್ರವನ್ನು ಬಳಸಲೇಬೇಕಾದರೆ ಮೂಲ ಚಿತ್ರವನ್ನೂ ಪಕ್ಕದಲ್ಲಿ ಅಚ್ಚು ಹಾಕಲಿ. ಕೊರಕಲಿನ ಅಗಲವನ್ನು ಮಾತ್ರ ಚೂಪು ಮಾಡಿದ ಚಿತ್ರದಿಂದ ಅಳೆಯಬಾರದು.