ಏಳು ವರ್ಷ ತುಂಬಿದ ಮಗ ಯಾರ ಬಳಿ ಇರಬೇಕು?

ನಮ್ಮಲ್ಲಿ ತಲಾಕ್ ಅಥವಾ ಖುಲಾ ಆದಾಗ ಹಿರಿಯರು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ: "ಗಂಡುಮಗುವಿಗೆ ಏಳು ತುಂಬಿದರೆ ತಂದೆಗೆ ಕೊಡಬೇಕು." ಈ ಮಾತಿಗೆ ಆಧಾರ ಇಲ್ಲದಿಲ್ಲ. ಹನಫಿ ಫಿಕ್ಹ್ ಪ್ರಕಾರ ಮಗುವನ್ನು ಸಾಕುವ ಹಕ್ಕು, ಅಂದರೆ ಹಿಝಾನತ್, ಗಂಡುಮಗುವಿಗೆ ಏಳು ವರ್ಷ ಆಗುವವರೆಗೆ, ಹೆಣ್ಣುಮಗು ಪ್ರೌಢಳಾಗುವವರೆಗೆ ತಾಯಿಯದು. ವಿಲಾಯತ್, ಅಂದರೆ ಪೋಷಕತ್ವ, ತಂದೆಯದು. ಹಾಗಾದರೆ ಏಳು ತುಂಬಿದ ಮರುದಿನವೇ ಕೋರ್ಟು ಮಗುವನ್ನು ತಂದೆಯ ಕೈಗೆ ಕೊಡುತ್ತದೆಯೇ? ಇಲ್ಲ. ಯಾಕೆ ಇಲ್ಲ ಅನ್ನೋದಕ್ಕೆ ಗಡಿಯಾಚೆಯ ಒಂದು ಪ್ರಕರಣ ಒಳ್ಳೆಯ ಉದಾಹರಣೆ.

ನಮ್ಮ ಬೀದರ್‌ಗೆ ಹತ್ತಿರದ ಊರು ಲಾತೂರ್ ಜಿಲ್ಲೆಯ ನಿಲಂಗಾ. ಅಲ್ಲಿನ ಜಿಲ್ಲಾ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ಒಬ್ಬ ಮುಸ್ಲಿಂ ಬಾಲಕನನ್ನು ತಂದೆಗೆ ಒಪ್ಪಿಸಬೇಕೆಂದು ಆದೇಶಿಸಿತು. ತಾಯಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠಕ್ಕೆ ಮೇಲ್ಮನವಿ ಹೋದರು. ಪೈಠಣದ ಪ್ರಕರಣಗಳೂ ಮೇಲ್ಮನವಿಗೆ ಹೋಗುವುದು ಇದೇ ಪೀಠಕ್ಕೆ. 2025ರ ಜುಲೈಯಲ್ಲಿ ನ್ಯಾಯಮೂರ್ತಿ ಶೈಲೇಶ್ ಬ್ರಹ್ಮೆ ತೀರ್ಪು ಕೊಟ್ಟಾಗ ಹುಡುಗನಿಗೆ ಒಂಬತ್ತು ವರ್ಷ. ವೈಯಕ್ತಿಕ ಕಾನೂನಿನಂತೆ ಏಳರ ನಂತರ ತಂದೆಗೆ ಹಕ್ಕಿದೆ ಎಂಬುದನ್ನು ಹೈಕೋರ್ಟು ಅಲ್ಲಗಳೆಯಲಿಲ್ಲ. ಆದರೆ ಆ ನಿಯಮಕ್ಕೂ ಮಗುವಿನ ಹಿತಕ್ಕೂ ಎದುರುಬದುರಾದರೆ ಹಿತವೇ ಮೇಲು ಎಂದಿತು. ನ್ಯಾಯಾಧೀಶರು ಹುಡುಗನೊಂದಿಗೆ ಮಾತಾಡಿದರು. ಅವನು ತಾಯಿಯನ್ನು ಬಹಳ ಹಚ್ಚಿಕೊಂಡಿದ್ದ. ಮಗು ತಾಯಿಯ ಬಳಿ ಉಳಿಯಿತು, ತಂದೆಗೆ ಭೇಟಿಯ ಹಕ್ಕು ಸಿಕ್ಕಿತು.

ಇದು ಕೋರ್ಟು ಹೊಸದಾಗಿ ಹುಟ್ಟಿಸಿದ ನಿಯಮವಲ್ಲ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆ ಮುಸ್ಲಿಂ ಕುಟುಂಬಗಳಿಗೂ ಅನ್ವಯಿಸುತ್ತದೆ. ಅದರ 17ನೇ ಸೆಕ್ಷನ್ ಪ್ರಕಾರ ನ್ಯಾಯಾಧೀಶರು ಮಗುವಿನ ವೈಯಕ್ತಿಕ ಕಾನೂನನ್ನು ಗಮನದಲ್ಲಿಟ್ಟುಕೊಂಡೇ ಅದರ ಕ್ಷೇಮ ಯಾವುದರಲ್ಲಿದೆ ಎಂದು ನೋಡಬೇಕು. ಮಗುವಿನ ವಯಸ್ಸು, ಲಿಂಗ, ಧರ್ಮ, ಕೇಳುವವರ ನಡತೆ ಮತ್ತು ಸಾಮರ್ಥ್ಯ, ಮಗುವಿನೊಂದಿಗೆ ಅವರ ಈವರೆಗಿನ ಸಂಬಂಧ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಯೋಚಿಸಿ ಹೇಳುವಷ್ಟು ಬುದ್ಧಿ ಬಂದಿದ್ದರೆ ಮಗುವಿನ ಇಷ್ಟವನ್ನೂ ಪರಿಗಣಿಸಬಹುದು. ಹಾಗೆಂದು ಈ ಪ್ರಕರಣದಿಂದ "ಮಗು ಯಾವಾಗಲೂ ತಾಯಿಗೇ" ಅಂತ ತಿಳಿಯಬಾರದು. ತಂದೆಯ ಮನೆಯಲ್ಲೇ ಮಗುವಿನ ಹಿತ ಕಂಡರೆ ಇದೇ ಸೆಕ್ಷನ್ ಅವನ ಪರ ಕೆಲಸ ಮಾಡುತ್ತದೆ. ಸಂಬಳ ಯಾರಿಗೆ ಹೆಚ್ಚು ಅನ್ನುವುದೊಂದೇ ತೀರ್ಪನ್ನು ತೂಗುವುದಿಲ್ಲ, ಯಾಕೆಂದರೆ ಹೆಚ್ಚು ಸಂಪಾದಿಸುವವರಿಂದ ಮಗುವಿನ ಖರ್ಚು ಕೊಡಿಸಬಹುದು.

ಅರ್ಜಿ ಹಾಕುವುದು ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಮೇಲೆ ಅಧಿಕಾರ ಇರುವ ಕೌಟುಂಬಿಕ ನ್ಯಾಯಾಲಯದಲ್ಲಿ, ಅದಿಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ. ಹಾಗಾಗಿ ಕೇಸು ಹಾಕುವ ಮುಂಚೆ ಮಗುವನ್ನು ಬೇರೆ ಊರಿಗೆ ಎತ್ತಿಕೊಂಡು ಹೋದರೆ ಲಾಭವಿಲ್ಲ. ಕೋರ್ಟು ಅದನ್ನು ಕೇಳಿಯೇ ಕೇಳುತ್ತದೆ. ಅಂತಿಮ ತೀರ್ಪಿಗೆ ತಡವಾಗುವುದರಿಂದ 12ನೇ ಸೆಕ್ಷನ್ ಅಡಿ ಮಧ್ಯಂತರ ಆದೇಶ ಕೇಳಬಹುದು.

ಭೇಟಿಯ ಸಮಯ ಹೇಗೆ ನಿಗದಿಯಾಗುತ್ತದೆ? ಒಂದು ಕಲ್ಪಿತ ಉದಾಹರಣೆ ನೋಡೋಣ. ತಾಯಿ, ಎಂಟು ವರ್ಷದ ಮಗ ಪೈಠಣದಲ್ಲಿದ್ದಾರೆ, ತಂದೆಗೆ ನಾಸಿಕ್‌ನಲ್ಲಿ ಕೆಲಸ. ನಡುವೆ 200 ಕಿಲೋಮೀಟರಿಗೂ ಹೆಚ್ಚು ದಾರಿ. "ಪ್ರತಿ ಭಾನುವಾರ ಮಗುವನ್ನು ನಾಸಿಕ್‌ಗೆ ಕಳಿಸಿ" ಅಂದರೆ ಮಗುವಿನ ರಜಾದಿನ ಬಸ್ಸಿನಲ್ಲೇ ಮುಗಿಯುತ್ತದೆ. ಬದಲಿಗೆ ತಿಂಗಳಿಗೆ ಎರಡು ಭಾನುವಾರ ತಂದೆಯೇ ಪೈಠಣಕ್ಕೆ ಬರುವುದು, ವಾರದಲ್ಲಿ ಎರಡು ದಿನ ವಿಡಿಯೋ ಕರೆ, ಬೇಸಿಗೆ ರಜೆಯ ಅರ್ಧ ತಂದೆಯ ಮನೆಯಲ್ಲಿ, ಎರಡು ಈದ್‌ಗಳಲ್ಲಿ ಒಂದೊಂದು ಒಬ್ಬೊಬ್ಬರ ಜೊತೆ ಅಂತ ಕೇಳಿದರೆ ಅದು ನಡೆಯುವಂಥ ವ್ಯವಸ್ಥೆ. ಮಗುವನ್ನು ಎಲ್ಲಿ, ಎಷ್ಟು ಗಂಟೆಗೆ ಒಪ್ಪಿಸಬೇಕು, ಯಾರು ವಾಪಸ್ ಕರೆತರಬೇಕು ಅನ್ನುವುದೂ ಆದೇಶದಲ್ಲೇ ಇರಬೇಕು. "ಅನುಕೂಲದಂತೆ ಭೇಟಿ" ಎಂದಷ್ಟೇ ಬರೆದ ಕಡೆ ಜಗಳ ಮೊದಲ ತಿಂಗಳಲ್ಲೇ ಶುರುವಾಗುತ್ತದೆ. ಮಗುವಿಗೆ ಇಬ್ಬರ ಪ್ರೀತಿಯೂ ಬೇಕೆಂದು 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದೂರ ಇರುವವರು ಫೋನು, ವಿಡಿಯೋ ಕರೆಯ ಮೂಲಕ ಮಾತಾಡುವ ಅವಕಾಶವನ್ನೂ ಅದೇ ತೀರ್ಪು ಒಪ್ಪಿದೆ.

ಎರಡು ಕಡೆ ಹೆಚ್ಚಾಗಿ ಎಡವಟ್ಟಾಗುತ್ತದೆ. ಒಂದು, ಖರ್ಚು ಕೊಡಲಿಲ್ಲ ಅಂತ ತಾಯಿ ಭೇಟಿ ನಿಲ್ಲಿಸುವುದು, ಭೇಟಿ ಕೊಡಲಿಲ್ಲ ಅಂತ ತಂದೆ ಖರ್ಚು ನಿಲ್ಲಿಸುವುದು. ಇವೆರಡೂ ಬೇರೆ ಬೇರೆ ಬಾಧ್ಯತೆಗಳು. ಒಬ್ಬರು ತಪ್ಪಿದರೆ ಕೋರ್ಟಿಗೆ ಹೇಳಬೇಕೇ ಹೊರತು ಮಗುವಿನ ಹಕ್ಕನ್ನು ತಡೆಹಿಡಿಯಬಾರದು. ಇನ್ನೊಂದು, ಮಗುವಿಗೆ ಪಾಠ ಒಪ್ಪಿಸುವುದು. ಎಂಟು ವರ್ಷದ ಮಗು "ಅಬ್ಬಾ ನನ್ನ ಭವಿಷ್ಯ ಹಾಳು ಮಾಡಿದರು" ಅಂದರೆ ಅದು ದೊಡ್ಡವರ ಮಾತು ಅಂತ ನ್ಯಾಯಾಧೀಶರಿಗೆ ಗೊತ್ತಾಗುತ್ತದೆ. ಅದಕ್ಕೇ ಅವರು ಮಗುವನ್ನು ಚೇಂಬರಿಗೆ ಕರೆದು, ಶಾಲೆ, ಗೆಳೆಯರು, ರಾತ್ರಿ ಯಾರ ಪಕ್ಕ ಮಲಗುತ್ತೀ ಎಂಬಂಥ ಮಾತುಗಳಿಂದ ಶುರು ಮಾಡುವುದುಂಟು.

ಇಂಥ ಆದೇಶ ಎಂದಿಗೂ ಕಲ್ಲಿನ ಮೇಲಿನ ಬರಹವಲ್ಲ. ಮಗು ಬೆಳೆಯುತ್ತದೆ, ಶಾಲೆ ಬದಲಾಗುತ್ತದೆ, ತಂದೆತಾಯಿ ಮರುಮದುವೆ ಆಗಬಹುದು. ಪರಿಸ್ಥಿತಿ ಬದಲಾದರೆ ಅದೇ ಕೋರ್ಟಿಗೆ ಹೋಗಿ ಬದಲಾವಣೆ ಕೇಳಬಹುದು. ಜಮಾಅತ್‌ನಲ್ಲಿ ರಾಜಿ ಮಾಡಿಸುವ ಹಿರಿಯರೂ ಇದನ್ನು ನೆನಪಿಟ್ಟುಕೊಳ್ಳಬೇಕು. "ಏಳು ತುಂಬಿತಾ?" ಎಂದು ಕೇಳುವ ಮುಂಚೆ, ಈ ಮಗುವನ್ನು ಇಲ್ಲಿಯವರೆಗೆ ಶಾಲೆಗೆ ಕಳಿಸಿದವರು, ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ದವರು ಯಾರು ಎಂದು ಕೇಳಿದರೆ, ಕೋರ್ಟು ಕೇಳುವ ಪ್ರಶ್ನೆಯನ್ನೇ ಅವರೂ ಕೇಳಿದಂತಾಗುತ್ತದೆ.